ಐದು ಹಾಕಿ ನೋಡ್ರಿ, ಸರ

ನಮ್ಮಜ್ಜ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರ ಕಡೆಯಿಂದ ಚೀಲ ನೋಡುವ ಕೆಲಸ ಮಾಡುತ್ತಿದ್ದ. ಚೀಲದ ಬಾಯಲ್ಲಿ ಒಂದು ಹಿಡಿ, ನಡುವೆ ಒಂದು ಹಿಡಿ, ಕಡೆಗೆ ಮೊಳಕೈತನಕ ಕೈ ಇಳಿಸಿ ತಳದಿಂದ ಒಂದು ಹಿಡಿ. ಹುಡುಗನಾದ ನಾನು ಬೇಸತ್ತು, "ನಡುವಿಂದು ಚಲೋ ಐತಲ್ಲೋ ಅಜ್ಜಾ, ಮತ್ಯಾಕ?" ಎಂದರೆ, "ನಡುವಿಂದು ಎಲ್ಲಾರ್ದೂ ಚಲೋನ ಇರ್ತೈತಿ ತಮ್ಮಾ. ಕಳ್ಳ ತುದೀಗೆ ಕುಂತಿರ್ತಾನ" ಎನ್ನುತ್ತಿದ್ದ. ಈ ಮಾತನ್ನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಪಾಠದೊಳಗೆ ಬೆರೆಸಿ ಹೇಳಿದ್ದೇನೆ. ಮಕ್ಕಳು ನಕ್ಕಿದ್ದಾರೆ. ಒಬ್ಬಳು ಅದನ್ನು ಖರೇ ಎಂದು ನಂಬಿದಳು. ಹೇಳಿದವನೇ ಮರೆತೆ.

ನಾನು ಗಣಿತದ ಮೇಷ್ಟ್ರು. ಪಿಯುಸಿ ಮೊದಲ ವರ್ಷಕ್ಕೆ ಅಸಮತೆಗಳ ಪಾಠವಿದೆ. ಸಮೀಕರಣಕ್ಕೆ ಉತ್ತರ ಒಂದೋ ಎರಡೋ ಇದ್ದೀತು. ಅಸಮತೆಗೆ ಹಾಗಲ್ಲ, ಇಲ್ಲಿಂದ ಅಲ್ಲಿಯತನಕ ಇರುವ ಸಂಖ್ಯೆಗಳೆಲ್ಲ ಉತ್ತರ. ಎಲ್ಲಿಂದ, ಎಲ್ಲಿತನಕ, ಆ ತುದಿ ಒಳಗೋ ಹೊರಗೋ ಎಂಬುದೇ ಅದರ ಜೀವ. ಉತ್ತರ ಸರಿಯೇ ಎಂದು ತಿಳಿಯುವುದು ಕಷ್ಟವಲ್ಲ. ಒಳಗಿನದೊಂದು ಸಂಖ್ಯೆ, ಎರಡೂ ತುದಿಗಳು, ಹೊರಗಿನದೊಂದು ಸಂಖ್ಯೆ. ಇವನ್ನು x ಇದ್ದ ಜಾಗದಲ್ಲಿ ಹಾಕಿ ನೋಡಿದರೆ ಆಯಿತು.

ಒಂದು ವರ್ಷ ಮೊದಲ ಪಿಯುಸಿಯ ಪೂರಕ ಪರೀಕ್ಷೆಯ ಉತ್ತರ ಪತ್ರಿಕೆಗಳು ನನ್ನ ಮೇಜಿಗೇ ಬಂದವು. ಮಾದರಿ ಉತ್ತರ ಬರೆದವನೂ ನಾನೇ, ತಿದ್ದಿದವನೂ ನಾನೇ. ಮೂರು ಅಂಕದ ಪ್ರಶ್ನೆಯೊಂದು ಹೀಗಿತ್ತು: −7 < 3 − 2x ≤ 9.

ಮೂರು ಕಡೆಯಿಂದಲೂ ಮೂರು ಕಳೆದರೆ −10 < −2x ≤ 6. ಋಣ ಎರಡರಿಂದ ಭಾಗಿಸುವಾಗ ಚಿಹ್ನೆಗಳು ತಿರುಗುತ್ತವೆ: 5 > x ≥ −3. ಇಲ್ಲಿಯವರೆಗೆ ಸರಿ. ಇದನ್ನು ಚಿಕ್ಕದರಿಂದ ದೊಡ್ಡದಕ್ಕೆ ತಿರುಗಿಸಿ ಬರೆಯುವಾಗ, ಪ್ರಶ್ನೆಯಲ್ಲಿ ಎಡಕ್ಕೆ ಬರೀ 'ಕಡಿಮೆ', ಬಲಕ್ಕೆ 'ಕಡಿಮೆ ಅಥವಾ ಸಮ' ಇತ್ತಲ್ಲ, ಅದೇ ರೂಢಿಯಲ್ಲಿ ಕೈ ಓಡಿತು: −3 < x ≤ 5 ಎಂದು ಬರೆದೆ. ಸಂಖ್ಯೆಗಳು ಜಾಗ ಬದಲಿಸಿದವು, ಅವುಗಳ ಜೊತೆ ಹೋಗಬೇಕಿದ್ದ 'ಸಮ' ಹೋಗಲಿಲ್ಲ. ತಾಳೆ ನೋಡಲಿಲ್ಲ ಎನ್ನುವಂತಿಲ್ಲ, ನೋಡಿದೆ. ಸೊನ್ನೆ ಹಾಕಿದೆ: 3 ಬಂತು. ಅದು −7ಕ್ಕಿಂತ ಹೆಚ್ಚು, 9ಕ್ಕಿಂತ ಕಡಿಮೆ. ಸರಿಯೆಂದು ಗುರುತು ಹಾಕಿದೆ. ಚೀಲದ ನಡುವಿಗೆ ಕೈ ಹಾಕಿ ಎದ್ದುಬಂದಂತಾಯಿತು.

ಆ ಪ್ರಶ್ನೆಯನ್ನು ಹೆಚ್ಚಿನವರು ಮುಟ್ಟಿರಲಿಲ್ಲ. ಐರಣಿಯ ಹುಡುಗಿಯೊಬ್ಬಳು ಮುಟ್ಟಿದ್ದಳು, −3 ≤ x < 5 ಎಂದು ಬರೆದಿದ್ದಳು. ಪಕ್ಕದ ಅಂಚಿನಲ್ಲಿ ಸಣ್ಣಕ್ಷರದ ಲೆಕ್ಕವೂ ಇತ್ತು. ಅದನ್ನು ಕಚ್ಚಾ ಬರಹವೆಂದು ಕೆಂಪು ಶಾಯಿಯಲ್ಲಿ ಅಡ್ಡ ಎಳೆದೆ. ಮೊದಲ ಹೆಜ್ಜೆಗೆ ಒಂದು ಅಂಕ ಕೊಟ್ಟು ಉಳಿದೆರಡನ್ನು ಕಳೆದೆ. ಒಟ್ಟು ಕೂಡಿದಾಗ ಪಾಸಿಗೆ ಎರಡು ಕಡಿಮೆ ಬಂತು.

ಫಲಿತಾಂಶದ ಮರುದಿನ ಆಕೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಊರಿಂದ ದಿನಾ ಓಡಾಡಲು ಬಸ್ಸಿನ ವೇಳೆ ಕೂಡುತ್ತಿರಲಿಲ್ಲ, ಹಾಸ್ಟೆಲಿನಲ್ಲಿದ್ದಳು. ಪಾಸಾದವರಿಗಷ್ಟೇ ಅಲ್ಲಿ ಮುಂದಿನ ವರ್ಷದ ಜಾಗ.

"ಸರ, ನನ್ನ ಪೇಪರ್ ಒಮ್ಮೆ ತೋರಸ್ತೀರೇನ್ರಿ?"

ತೋರಿಸಿದೆ. ಆ ಪ್ರಶ್ನೆಯ ಮೇಲೆ ಬೆರಳಿಟ್ಟಳು.

"ಇದು ಸರಿ ಐತ್ರಿ ಸರ."

"ಕೀ ಉತ್ತರದಾಗ ಹಂಗ ಇಲ್ಲವ್ವಾ."

"ಐದು ಹಾಕಿ ನೋಡ್ರಿ, ಸರ. ಎರಡ ನಿಮಿಷದ ಕೆಲಸ. ನೀವ ಹೇಳಿದ್ದಲ್ರಿ, ಕಳ್ಳ ತುದೀಗೆ ಕುಂತಿರ್ತಾನ ಅಂತ?"

ಪಕ್ಕದ ಕುರ್ಚಿಯ ಭೌತಶಾಸ್ತ್ರದವರು ಜೋರಾಗಿ ನಕ್ಕರು. "ಏನ್ರಿ ಮಾಸ್ತರ, ನಿಮ್ಮ ಮಂತ್ರ ನಿಮಗ ತಿರುಗ್ತಲ್ಲ!" ಎಂದರು. ಆ ನಗು ನನಗೆ ಚುಚ್ಚಿತು. ಅಂಕಪಟ್ಟಿ ಕಳಿಸುವ ಅವಸರವೂ ಇತ್ತು ಎಂದು ಈಗ ಹೇಳಿಕೊಳ್ಳುತ್ತೇನೆ. ಚುಚ್ಚಿದ್ದೇ ನಿಜವಾದ ಕಾರಣ.

"ಫೇಲಾದವರೆಲ್ಲ ಮಾಸ್ತರಗೆ ಪಾಠ ಹೇಳಾಕ ನಿಂತ್ರ ಕಾಲೇಜು ನಡೀತೈತೇನು? ಮುಂದಿನ ಸಲ ಸರಿಯಾಗಿ ಬರೀ. ಹೋಗು."

ಆಕೆ ಅಳಲಿಲ್ಲ. ಹಾಳೆಯನ್ನು ಒಪ್ಪವಾಗಿ ಮಡಿಸಿ ನನ್ನ ಕೈಗೆ ಕೊಟ್ಟು ಹೋದಳು.

ಎರಡು ತಿಂಗಳ ಮೇಲೆ ಹೊಸ ತರಗತಿಗೆ ಅದೇ ಪಾಠ ಬಂತು. ಹಳೆಯ ಪ್ರಶ್ನೆಪತ್ರಿಕೆಯಿಂದ ಅದೇ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ, ನನ್ನ ಉತ್ತರ ಬರೆದು, ಮಕ್ಕಳತ್ತ ತಿರುಗಿ ಅಜ್ಜನ ಮಾತು ಶುರು ಮಾಡಿದೆ. ಮಾತಿನ ಜೊತೆಗೆ ಕೈ ತಾನಾಗಿ ಐದನ್ನು ಹಾಕಿತು. ಮೂರರಲ್ಲಿ ಹತ್ತು ಹೋದರೆ −7. ಹಲಗೆಯ ಮೇಲೆ −7 < −7 ಎಂದು ನಿಂತಿತು. ಋಣ ಏಳು ತನಗಿಂತ ತಾನೇ ಕಡಿಮೆ ಹೇಗಾದೀತು? ಐದು ಹೊರಗೆ. −3 ಹಾಕಿದೆ: ಮೂರಕ್ಕೆ ಆರು ಕೂಡಿ ಒಂಬತ್ತು. ಒಂಬತ್ತು ಒಂಬತ್ತಕ್ಕೆ ಸಮ, ಸಮ ನಡೆಯುತ್ತದೆ. ಋಣ ಮೂರು ಒಳಗೆ. ಒಳಗಿರಬೇಕಾದ್ದನ್ನು ಹೊರಗೆ ಹಾಕಿದ್ದೆ, ಹೊರಗಿರಬೇಕಾದ್ದನ್ನು ಒಳಗೆ ಕರೆದಿದ್ದೆ.

"ಸರ, ಆರಾಮ ಇಲ್ಲೇನ್ರಿ?" ಎಂದು ಮುಂದಿನ ಬೆಂಚಿನಿಂದ ಯಾರೋ ಕೇಳಿದರು.

ಕಪಾಟು ತೆಗೆಸಿ ಆಕೆಯ ಪತ್ರಿಕೆ ಹುಡುಕಿದೆ. ನನ್ನ ಕೆಂಪು ಗೀಟಿನ ಅಡಿಯಲ್ಲಿ ಆ ಸಣ್ಣಕ್ಷರ ಇನ್ನೂ ಸ್ಪಷ್ಟವಾಗಿತ್ತು. x = −3, ಬಂದದ್ದು 9, ಸರಿ. x = 0, ಬಂದದ್ದು 3, ಸರಿ. x = 5, ಬಂದದ್ದು −7, ಇಲ್ಲ. x = 6, ಬಂದದ್ದು −9, ಇಲ್ಲ. ನಾನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಪ್ರಾಂಶುಪಾಲರ ಮುಂದೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಹಾವೇರಿಯ ಪಿಯು ಇಲಾಖೆಯ ಕಚೇರಿಗೆ ನಾನೇ ಹೋದೆ. ಅಲ್ಲಿಯವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. "ಆಗ್ತಾವ್ರಿ ಸರ, ಮನುಷ್ಯಾರು" ಎಂದು ಅಂಕ ತಿದ್ದಿಕೊಟ್ಟರು. ಹಾಸ್ಟೆಲಿನ ವಾರ್ಡನ್ನರ ಹತ್ತಿರ ಹೋದಾಗ ಅವರು ರಿಜಿಸ್ಟರ್ ತಿರುಗಿಸಿ ತೋರಿಸಿದರು.

"ಆಕಿ ಜಾಗಾಕ್ಕ ಬ್ಯಾರೆ ಹುಡುಗಿ ಬಂದು ಎರಡ ತಿಂಗಳಾತ್ರಿ. ಈಗ ಆಕೀನ್ನ ಎಲ್ಲಿ ಕಳಸ್ಲಿ? ದ್ವಿತೀಯ ಪಿಯುಸಿ ಪ್ರವೇಶಾನೂ ಮುಗದೈತಿ. ಎರಡ ವಾರದೊಳಗ ಬಂದಿದ್ರ ಏನರ ಮಾಡಬಹುದಿತ್ತ."

ಅಂಕಪಟ್ಟಿ ಹಿಡಿದು ಐರಣಿಗೆ ಹೋದೆ. ಮನೆಯಲ್ಲಿ ಅವರವ್ವ ಒಬ್ಬಳೇ ಇದ್ದಳು, ಊರ ಹೊರಗೆ ಹೈಬ್ರಿಡ್ ಬೀಜ ಬೆಳೆಯುವ ಪ್ಲಾಟಿನತ್ತ ಕೈ ತೋರಿದಳು. ಸೊಳ್ಳೆಪರದೆಯಂಥ ಬಲೆಯ ಮನೆಯೊಳಗೆ ಟೊಮೆಟೊ ಹೂವಿಗೆ ಹೂವು ಕೂಡಿಸುವ ಕೆಲಸ ನಡೆದಿತ್ತು. ಹೆಂಗಸರ ಸಾಲಿನಲ್ಲಿ ಆಕೆಯೂ ಇದ್ದಳು. ಬೆರಳಲ್ಲಿ ಬೇರೆ ತಳಿಯ ಹೂವಿನ ಪರಾಗ ತುಂಬಿದ ಪುಟ್ಟ ಉಂಗುರ. ಒಂದೊಂದೇ ಹೂವಿನ ತುದಿಯನ್ನು ಅದರಲ್ಲಿ ಅದ್ದಿ ಬಿಡುತ್ತಿದ್ದಳು.

"ತಪ್ಪು ನಂದವ್ವಾ. ನಿಂದು ಸರಿ ಇತ್ತು" ಎಂದೆ.

ಎಡಗೈಯಲ್ಲಿ ಅಂಕಪಟ್ಟಿ ಹಿಡಿದು, ಗಣಿತದ ಸಾಲಿನ ತನಕ ಓದಿದಳು.

"ಐದು ಹಾಕಿ ನೋಡಿದ್ರೇನ್ರಿ?"

"ನೋಡಿದೆ."

"ಯಾವಾಗ್ರಿ?"

"ಹೋದ ತಿಂಗಳ."

"ಆವತ್ತ ಎರಡ ನಿಮಿಷ ಇದ್ದಿಲ್ಲಲ್ರಿ ಸರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನಾನು ತಲೆ ತಗ್ಗಿಸಿದೆ.

"ಮುಂದಿನ ವರ್ಷ ಸೇರ್ಕೋ. ಹಾಸ್ಟೆಲಿಗೆ ನಾ ಬಂದು ಮಾತಾಡ್ತೇನಿ."

"ಅಪ್ಪ ಒಲ್ಲೆ ಅಂದಾನ್ರಿ. ಫೇಲಾದಾಕಿ ಅಂತ ಊರಾಗೆಲ್ಲಾ ಆತು, ಈಗ ಪಾಸ್ ಅಂದ್ರ ಯಾರ ನಂಬ್ತಾರ ಅಂತಾನ. ನೀವ ಹೇಳ್ರಿ ಬೇಕಾದ್ರ."

ಸಂಜೆತನಕ ಕಾದು ಅವರಪ್ಪನಿಗೆ ಹೇಳಿದೆ. ಅವನು ಎಲ್ಲವನ್ನೂ ಕೇಳಿ, ಚಹಾ ಕುಡಿಸಿ, "ದೊಡ್ಡವ್ರು ಇಷ್ಟ ದೂರ ಬಂದ್ರಿ" ಎಂದಷ್ಟೇ ಅಂದ. ಮರುವರ್ಷ ಜೂನ್ ತಿಂಗಳಿಡೀ ಪ್ರವೇಶದ ಪಟ್ಟಿಯಲ್ಲಿ ಆಕೆಯ ಹೆಸರು ಹುಡುಕಿದೆ. ಇರಲಿಲ್ಲ.

ಆವತ್ತು ಬಲೆಯ ಮನೆಯಲ್ಲಿ ಆಕೆ ಅಂಕಪಟ್ಟಿಯನ್ನು ನನಗೇ ಮರಳಿ ಕೊಟ್ಟಿದ್ದಳು. "ಮನ್ಯಾಗ ಅವ್ವನ ಕೈಯಾಗ ಕೊಡ್ರಿ ಸರ, ಇಲ್ಲಿ ಹೊಲಸಾಕ್ಕೈತಿ. ಬಿಸಲೇರಿದ್ರ ಹೂವು ಕಾಯಿ ಕಟ್ಟಂಗಿಲ್ಲ" ಎಂದು ಸಾಲಿಗೆ ಮರಳಿದಳು. ಸಾಲಿನ ಮೊದಲ ಗಿಡದಿಂದ ಶುರು ಮಾಡಿ, ಒಂದು ಹೂವನ್ನೂ ಬಿಡದೆ, ಕಡೆಯ ಗಿಡದ ತನಕ ಹೋಗುವುದನ್ನು ನಾನು ನಿಂತು ನೋಡಿದೆ.