ಮೂಕಿ ಚಿತ್ರಕ್ಕೆ ಚನ್ನ ಬಾರಿಸಿದ ಪೆಟ್ಟಿಗೆ

ಮಂಗಳಾರತಿಗೆ ಕರ್ಪೂರ ಹಚ್ಚಿದಾಗ ಎಲ್ಲರೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆಗೆ ಹೆದರಿಕೆ ಏಳುತ್ತದೆ. ಹರಿಹರದಲ್ಲಿದ್ದ ನಮ್ಮ ಮನೆಯ ನಡುಕೋಣೆಯಲ್ಲಿ ತಗಡಿನ ಡಬ್ಬಿಗಳಿದ್ದವು. ಮುಚ್ಚಳ ತೆಗೆದರೆ ಇದೇ ವಾಸನೆ. ಒಳಗಿದ್ದದ್ದು ಮೂಕಿ ಚಿತ್ರದ ರೀಲುಗಳು. ಆ ಕಾಲದ ಫಿಲ್ಮ್ ಮಾಡುವಾಗಲೇ ಅದರಲ್ಲಿ ಕರ್ಪೂರ ಬೆರೆಸುತ್ತಿದ್ದರು, ಹತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದ. ದೇವರ ಕೋಣೆಗಿಂತ ಆ ಕೋಣೆಗೇ ನಾವು ಹೆಚ್ಚು ಹೆದರುತ್ತಿದ್ದೆವು. ನಿಮ್ಮ ಮನೆಯಲ್ಲೂ ಮಕ್ಕಳು ಹೆದರುವ ಒಂದು ಕೋಣೆ ಇದ್ದಿರಬಹುದು. ನಮ್ಮದು ಈಗಿಲ್ಲ. ಆ ಜಾಗದಲ್ಲಿ ಟೈರಿನ ಅಂಗಡಿ ಬಂದಿದೆ.

ಅಜ್ಜ ಹರೆಯದಲ್ಲಿ ಊರೂರು ತಿರುಗುವ ಟೆಂಟಿನಲ್ಲಿ ಚಿತ್ರಕ್ಕೆ ಹಾರ್ಮೋನಿಯಂ ಬಾರಿಸುತ್ತಿದ್ದವನು. ಪರದೆಯ ಪಕ್ಕದಲ್ಲಿ ಅವನು, ಅವನ ಮಗ್ಗುಲಲ್ಲಿ ತಬಲದವನು, ಎದುರಿಗೆ ಜನ. ಮಾತಾಡುವ ಚಿತ್ರ ಬಂದ ಮೇಲೆ ಟೆಂಟ್ ಎದ್ದುಹೋಯಿತು. ಕೈಯಲ್ಲಿ ತಿರುಗಿಸುವ ಮಿಷನ್ನೂ ಯಾರಿಗೂ ಬೇಡವಾದ ರೀಲುಗಳೂ ನಮ್ಮ ಮನೆಗೆ ಬಂದವು. ನಮ್ಮ ಕಾಲಕ್ಕೆ ಚಿಕ್ಕಪ್ಪ ಮಿಷನ್ ತಿರುಗಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಹೊದಿಸಿ, ಮರಳು ತುಂಬಿದ ಬಕೆಟ್ ಹತ್ತಿರ ಇಟ್ಟುಕೊಂಡು, ಗೋಡೆಗೆ ಕಟ್ಟಿದ ಧೋತರದ ಮೇಲೆ ಚಿತ್ರ ಬಿಡುತ್ತಿದ್ದರು. ತಿರುಗಿಸುವ ಕೈ ಒಂದೇ ಸಮ ಇರಬೇಕಿತ್ತು. ಜೋರಾದರೆ ಚಿತ್ರದ ಜನ ಇರುವೆಯ ಹಾಗೆ ಓಡಾಡುತ್ತಿದ್ದರು. ನಿಂತರೆ ದೀಪದ ಕಾವಿಗೆ ಫಿಲ್ಮ್ ಹೊತ್ತಿಕೊಳ್ಳುವ ಭಯ. ಚಿಕ್ಕಪ್ಪ ಕೆಮ್ಮಿದರೂ ಕೋಣೆಯಲ್ಲಿದ್ದವರೆಲ್ಲ ಹಿಂದೆ ತಿರುಗಿ ನೋಡುತ್ತಿದ್ದೆವು.

ಅಜ್ಜ ಹಾರ್ಮೋನಿಯಂ ಪೆಟ್ಟಿಗೆಯನ್ನು ಕಲಿಸಿದ್ದು ನನ್ನ ತಮ್ಮ ಚನ್ನಬಸಪ್ಪನಿಗೆ. ಚನ್ನನಿಗೆ ಕೂಸಾಗಿದ್ದಾಗಲೇ ಸಿಡುಬಿನಿಂದ ಕಣ್ಣು ಹೋಗಿತ್ತು. ಕಾಣದವನು ಚಿತ್ರಕ್ಕೆ ಬಾರಿಸುವುದು ಹೇಗೆ ಎಂದು ಅವ್ವ ಕೇಳಿದಾಗ ಅಜ್ಜ, ಪೆಟ್ಟಿಗೆಯವನು ಬೆರಳಾಡಿಸುವ ಮಣೆ ನೋಡಬಾರದು, ಪರದೆ ನೋಡಬೇಕು; ಇವನಿಗೆ ಮಣೆ ನೋಡುವ ಚಟ ಮೊದಲೇ ಇಲ್ಲ, ಪರದೆಯನ್ನು ಇವನಕ್ಕ ನೋಡಲಿ ಎಂದ. ಹಾಗೆ ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಮನೆಯಲ್ಲಿದ್ದವಳು ತಮ್ಮನ ಕಣ್ಣಾದೆ. ಅವನ ಹಿಂದೆ ಕೂತು ಬೆನ್ನ ಮೇಲೆ ಕೈ ಇಡುತ್ತಿದ್ದೆ. ಬೆರಳಲ್ಲಿ ಪಟಪಟ ಬಡಿದರೆ ಅಟ್ಟಿಸಿಕೊಂಡು ಹೋಗುವ ದೃಶ್ಯ, ಪೆಟ್ಟಿಗೆ ದುಡುದುಡು ಓಡಬೇಕು. ಮೇಲಿನಿಂದ ಕೆಳಗೆ ನಿಧಾನ ಸವರಿದರೆ ದುಃಖ, ಜೋಗಿಯಾ ರಾಗದ ಒಂದೊಂದೇ ಸ್ವರ. ಮೆಲ್ಲಗೆ ತಟ್ಟಿದರೆ ನಗುವಿನ ಚಾಲು, ಕುಣಿಯುವ ಧಾಟಿ. ಅಂಗೈ ಪೂರ್ತಿ ಒತ್ತಿದರೆ ನಿಲ್ಲಿಸಬೇಕು. ಹೆದರಿಸುವ ಕಡೆ ದೊಡ್ಡದಾಗಿ ಬಾರಿಸುವವನು ದಡ್ಡ, ಜನ ಉಸಿರು ಹಿಡಿದಾಗ ಪೆಟ್ಟಿಗೆಯೂ ಹಿಡೀಬೇಕು ಎನ್ನುತ್ತಿದ್ದ ಅಜ್ಜ. ರೀಲು ಬದಲಿಸುವಾಗ ಮಾತ್ರ, ಪರದೆ ಖಾಲಿ ಇದ್ದರೂ, ನಿಲ್ಲಿಸಕೂಡದು. ಸಂಗೀತ ನಿಂತರೆ ಜನ ಎದ್ದುಬಿಡುತ್ತಾರೆ.

ಇನ್ನೊಂದು ಕಟ್ಟಳೆಯೂ ಇತ್ತು. ಮೂಕಿ ಚಿತ್ರ ಮೊದಲ ಸಲ ನೋಡುವವರಿಗೆ ಬಿದ್ದು ಏಳುವ, ಓಡುವ ಚಿಕ್ಕ ನಗೆಯ ಚಿತ್ರವನ್ನೇ ಹಾಕಬೇಕು. ನಡುನಡುವೆ ಬರುವ ಅಕ್ಷರದ ಹಲಗೆ ಅದರಲ್ಲಿ ಕಡಿಮೆ, ಮೈಯೇ ಮಾತಾಡುತ್ತದೆ. ಕಣ್ಣು ಪಳಗಿದ ಮೇಲೆ ತಾಯಿ ಮಗು ಅಗಲುವಂಥದ್ದು. ಹೆದರಿಕೆಯದ್ದು ಕಡೆಗೆ.

ಕೊಕ್ಕನೂರಿನಿಂದ ಅವ್ವನ ತವರಿನವರು ಬಂದ ಭಾನುವಾರ ಅಜ್ಜ ಜ್ವರ ಬಂದು ಒಳಗೆ ಮಲಗಿದ್ದ. ಅವರ್‍ಯಾರೂ ಮೂಕಿ ನೋಡಿದವರಲ್ಲ. ಸೋದರಮಾವ ಚಿಕ್ಕಪ್ಪನನ್ನು ಕೆಣಕಿದ, ಹುಡುಗರನ್ನು ನಗಿಸೋದು ಬ್ಯಾಡ, ಗಂಡಸರು ನೋಡುವಂಥದ್ದು ಏನಾರ ಇದ್ರೆ ಬಿಡು ಮಾರಾಯ ಎಂದ. ಚಿಕ್ಕಪ್ಪ ಕೆಳಗಿದ್ದ ಡಬ್ಬಿ ತೆಗೆದ. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹಿಮ ಬಿದ್ದ ಬಯಲು, ಒಂದು ಗಿರಣಿ, ಒಳಗೆ ಒಬ್ಬಳೇ ಹೆಣ್ಣುಮಗಳು. ಗಂಡನ ದಾರಿ ಕಾಯುತ್ತಾ ರೊಟ್ಟಿ ಮಾಡುತ್ತಿದ್ದಳು. ನಾನು ಚನ್ನನ ಬೆನ್ನು ಮೆಲ್ಲಗೆ ತಟ್ಟುತ್ತಿದ್ದೆ, ಅವನು ಖುಷಿಯ ಚಾಲು ಹಿಡಿದಿದ್ದ. ಅವಳು ಥಟ್ಟನೆ ತಲೆ ಎತ್ತಿದಳು. ಬಾಗಿಲ ಚಿಲಕ ತಾನೇ ಮೇಲೇಳತೊಡಗಿತ್ತು. ಸದ್ದಿಲ್ಲ. ಆ ಸದ್ದಿಲ್ಲದ ಚಿಲಕದಷ್ಟು ನನ್ನನ್ನು ಬೇರೆ ಯಾವುದೂ ಹೆದರಿಸಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಅಂಗೈ ಒತ್ತಬೇಕಿತ್ತು, ಒತ್ತಲಿಲ್ಲ. ಕೈ ಮೊದಲಿನ ಹಾಗೆಯೇ ತಟ್ಟುತ್ತಾ ಹೋಯಿತು, ತಮ್ಮ ನಂಬಿಕೊಂಡು ಬಾರಿಸುತ್ತಾ ಹೋದ.

ಮೊದಲು ಯಾರೋ ಹೆಂಗಸು ಅಯ್ಯೋ ಎಂದಳು. ಆಮೇಲೆ ಹಿಂದಿನಿಂದ ಕಿಸಕ್ಕನೆ ನಗು. ಅದು ಕೋಣೆಯೆಲ್ಲ ಹಬ್ಬಿತು. ಕಣ್ಣು ಬಿಟ್ಟಾಗ ರೀಲು ಮುಗಿದು ಧೋತರ ಬೆಳ್ಳಗಿತ್ತು, ಚನ್ನ ಇನ್ನೂ ಬಾರಿಸುತ್ತಲೇ ಇದ್ದ. ಮಾವ ಕಣ್ಣೊರೆಸಿಕೊಂಡು ನಗುತ್ತಾ ಹೇಳಿದ: “ಅಲ್ಲೋ ಚನ್ನ, ಹೆಣ ಬಿದ್ದ ಮನ್ಯಾಗ ಬೀಗರೂಟದ ಬಾಜಾ ಬಾರಿಸ್ತೀಯಲ್ಲೋ.” ಚನ್ನ ಪೆಟ್ಟಿಗೆಯ ತಿದಿಯಿಂದ ಕೈ ತೆಗೆದ. ನನ್ನ ಕಡೆ ತಿರುಗಿ, “ನಾನೇ ತಪ್ಪಿದ್ನೇನಕ್ಕ?” ಅಂದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೂಂ ಅಂದೆ.

ಅವನು ಮತ್ತೆ ಚಿತ್ರಕ್ಕೆ ಕೂಡಲಿಲ್ಲ. ಅಜ್ಜ ಕರೆದು ಸಾಕಾಗಿ ಸುಮ್ಮನಾದ. ಮುಂದಿನ ಬೇಸಿಗೆಗೆ ತೀರಿಕೊಂಡ. ರೀಲುಗಳು ಜೇನಿನ ಹಾಗೆ ಅಂಟಂಟಾಗಿ, ಆಮೇಲೆ ಕಂದು ಪುಡಿಯಾದವು. ಬೆಂಕಿಗೆ ಹೆದರಿ ಚಿಕ್ಕಪ್ಪ ಅವನ್ನು ನೀರಲ್ಲಿ ನೆನೆಸಿ ಹೊಳೆಯ ಆಚೆ ಗುಂಡಿ ತೋಡಿ ಹೂತ. ಈಗ ಚಿಕ್ಕಪ್ಪನೂ ಇಲ್ಲ, ಮಾವನೂ ಇಲ್ಲ.

ಚನ್ನ ಈಗ ದಾವಣಗೆರೆಯಲ್ಲಿ, ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲೇ ಇದ್ದಾನೆ, ಭಜನೆಗೆ ಬಾರಿಸುತ್ತಾನೆ. ಹೋದ ತಿಂಗಳು ಕಾಲೇಜಿನ ಹುಡುಗಿಯೊಬ್ಬಳು ಹುಡುಕಿಕೊಂಡು ಬಂದಳು. ಅವಳೂ ಗೆಳೆಯರೂ ಹಾಲ್‌ನಲ್ಲಿ ಮೂಕಿ ಚಿತ್ರ ತೋರಿಸುತ್ತಾರಂತೆ; ಮೊಬೈಲಿನಲ್ಲಿ ಬೆಳೆದವರು ಅರ್ಧಕ್ಕೆ ಎದ್ದು ಹೋಗುತ್ತಾರಂತೆ. ಚನ್ನ ಅಜ್ಜನ ಕಟ್ಟಳೆ ಹೇಳಿದ. ನಗೆಯದ್ದು ಮೊದಲು ಬಿಡ್ರಿ, ಚಿಕ್ಕದು ಬಿಡ್ರಿ, ಓಟದ ವೇಗ ಸರಿ ಐತಾ ನೋಡ್ಕೊಳ್ರಿ, ಪೆಟ್ಟಿಗೆ ಜನರ ಎದುರಿಗೇ ಬಾರಿಸ್ರಿ ಎಂದು ಅವನು ಹೇಳುವಾಗ ಮುಖಕ್ಕೆ ಹುಡುಗನ ಕಳೆ ಬಂದಿತ್ತು. ಹಂಗಾದ್ರೆ ನೀವೇ ಬರ್ರಿ ಅಂಕಲ್ ಎಂದಳು. ಆ ಕಳೆ ಹೋಯಿತು.

“ಬ್ಯಾಡವ್ವ,” ಅಂದ. “ನನ್ನ ಕೈ ಚಿತ್ರಕ್ಕಲ್ಲ.”

ಅವಳು ಹೋದ ಮೇಲೆ ನಾನು ಬಾಗಿಲು ಹಾಕಿ ಬಂದು ಅವನ ಎದುರು ಕೂತೆ. ಇವನು ಇನ್ನು ಮಾತು ಬಿಟ್ಟರೆ ಈ ಮನೆಯಲ್ಲಿ ನನಗೆ ಯಾರಿದ್ದಾರೆ ಎಂಬ ಹೆದರಿಕೆ ಇತ್ತು. ಆದರೂ ಹೇಳಿದೆ. ಚಿಲಕ ಎದ್ದದ್ದು, ಕಣ್ಣು ಮುಚ್ಚಿದ್ದು, ಹೂಂ ಅಂದದ್ದು, ಎಲ್ಲ. ಅವನು ಬೈಯಲಿಲ್ಲ, ಅಳಲಿಲ್ಲ. ಮಡಿಲಲ್ಲಿ ಬೆರಳು ಮಡಚಿ ಬಿಡಿಸಿದ. ಆಮೇಲೆ ಕೇಳಿದ:

“ಹಂಗಾದ್ರೆ ಆ ಹೆಣ್ಣುಮಗಳು ಏನಾದ್ಲಕ್ಕ? ಬಾಗಲಾಗ ಬಂದದ್ದು ಯಾರು?”

ಆಗ ನಾನು ಕಣ್ಣು ಮುಚ್ಚಿಕೊಂಡಿದ್ದೆನಲ್ಲ. ನೋಡಿದವರೆಲ್ಲ ಮಣ್ಣಾದರು, ಚಿತ್ರವೂ ಮಣ್ಣಾಯಿತು. ಅವನು ಇನ್ನೂ ನನ್ನ ಕಡೆಗೇ ಮುಖ ಮಾಡಿ ಕಾಯುತ್ತಿದ್ದ.