ಸವುಳು ನೀರಿಗೆ ಸುಟ್ಟ ಎಲೆ

ವ್ಯಾಪಾರಿಯ ಕಣ್ಣಿನಿಂದ ಅಳೆದರೆ ಇನಾಯತ ನಷ್ಟದ ಬಾಬತ್ತು. ವಯಸ್ಸು ನಲವತ್ತರ ಆಚೀಚೆ, ಮೈಯಲ್ಲಿ ಮಾಂಸ ಕಡಿಮೆ, ಉಗುರಲ್ಲಿ ಸದಾ ಮಣ್ಣು. ದನಿ ಗಟ್ಟಿ, ಆದರೆ ಆ ದನಿಯಿಂದ ಸ್ವಂತ ಸರಕನ್ನು ಹೊಗಳಿದ್ದು ಯಾರೂ ಕೇಳಿಲ್ಲ. ನರಗುಂದದ ಹತ್ತಿರ ಕಾಲುವೆ ದಂಡೆಯಲ್ಲಿ ಅವನ ನರ್ಸರಿ. ಸಂತೆಯ ದಿನ ಟಂಟಂ ತುಂಬ ಕುಂಡ ಹೇರಿಕೊಂಡು ರೋಣಕ್ಕೆ ಬರುತ್ತಾನೆ, ಬಂದ ಗಿರಾಕಿಗೆ ಕೊಳ್ಳಬೇಡಿ ಎಂದು ಬುದ್ಧಿ ಹೇಳಿ ಅರ್ಧ ಕುಂಡಗಳನ್ನು ವಾಪಸ್ ಒಯ್ಯುತ್ತಾನೆ. ಬಣ್ಣ ಬಿಡುವ ಸೀರೆಯನ್ನೂ 'ಒಗೆದಷ್ಟೂ ಹೊಳಪು' ಎಂದು ದಾಟಿಸಿದ ಬಟ್ಟೆ ಅಂಗಡಿಯ ಗುರುಸಂಗಪ್ಪ ಇಂಥ ವ್ಯಾಪಾರವನ್ನು ಜನ್ಮದಲ್ಲಿ ಕಂಡಿರಲಿಲ್ಲ.

ಒಂದು ಸಂತೆಯ ದಿನ ಗುರುಸಂಗಪ್ಪನ ಕಣ್ಣಿಗೆ ಬಿದ್ದದ್ದು ಪಟ್ಟೆ ಪಟ್ಟೆಯ ಎಲೆಗಳ ಒಂದು ಗಿಡ. ಎಲೆಯ ಮೇಲ್ಗಡೆ ಹಸಿರು, ಕೆಳಗಡೆ ನೇರಳೆ.

"ಇದೇನೋ ಇನಾಯತ, ಇಳಕಲ್ ಸೀರಿ ಉಟ್ಟಂಗ ಐತಿ?"

"ಕೆಲಾಥಿಯಾ ಅಂತಾರ್ರಿ. ಹಗಲ ಹೊತ್ತು ಎಲಿ ಹರಡತೈತಿ, ಸಂಜಿ ಆತಂದ್ರ ಮ್ಯಾಲೆತ್ತಿ ಕೈ ಮುಗದಂಗ ನಿಲ್ಲತೈತಿ. ಆದ್ರ ನಿಮಗ ಬ್ಯಾಡ್ರಿ ಸಾವಕಾರ್ರ. ಇದಕ್ಕ ಹಸಿ ಗಾಳಿ ಬೇಕು. ನಮ್ಮ ಎರಿಸೀಮಿ ಬ್ಯಾಸಗಿ ಇದಕ್ಕ ಒಗ್ಗಂಗಿಲ್ಲ."

"ನೀ ಮಾರಾಕ ಬಂದೀಯೋ, ಕಾವಲ ಕಾಯಾಕ ಬಂದೀಯೋ? ಇಳಸು."

ಗುರುಸಂಗಪ್ಪನಿಗೆ ಬೇಕಾದದ್ದು ಗಿಡವಲ್ಲ, ಹೆಂಡತಿ ಅನ್ನಪೂರ್ಣೇಶ್ವರಿಯ ಕಣ್ಣಿಗೊಂದು ಕೆಲಸ. ಕಳೆದ ಮಳೆಗಾಲದಲ್ಲಿ ಲಕ್ವ ಹೊಡೆದು ಆಕೆಯ ಬಲಗಡೆ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಪಡಸಾಲೆಯ ಮಂಚದ ಮೇಲೆ ಮಲಗಿ ಗೋಡೆ ನೋಡುವುದೇ ಆಕೆಯ ದಿನಚರಿ. ಊಟ ತಂದರೆ ಹಲ್ಲು ಕಚ್ಚುತ್ತಿದ್ದಳು. ಗುರುಸಂಗಪ್ಪನ ವಿಧವೆ ಅಕ್ಕ ಹೊನ್ನವ್ವ ಚಮಚ ಹಿಡಿದು ಬೇಡಿಕೊಂಡು, ಬೈದು, ಕೊನೆಗೆ ಅತ್ತು ಎದ್ದು ಹೋಗುತ್ತಿದ್ದಳು.

ಗಿಡ ಬಂದ ಮೇಲೆ ಒಂದು ಸಂಗತಿ ನಡೆಯಿತು. ದೀಪ ಹಚ್ಚುವ ಹೊತ್ತಿಗೆ ಎಲೆಗಳು ಮೆಲ್ಲಗೆ ಮೇಲೇಳುವುದನ್ನು ಅನ್ನಪೂರ್ಣೇಶ್ವರಿ ಕಣ್ಣು ಕೀಳದೆ ನೋಡಿದಳು. ಎಲೆಗಳು ನೆಟ್ಟಗೆ ನಿಂತ ಮೇಲೆ ಎಡಗೈ ಎತ್ತಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಮುಟ್ಟಿಸಿ ಬಾಯಿ ತೆರೆದಳು. ಅಂದಿನಿಂದ ಆ ಮನೆಯಲ್ಲಿ ಗಂಜಿಯ ಹೊತ್ತನ್ನು ಗಿಡವೇ ಗೊತ್ತುಮಾಡಿತು.

ಶಿವರಾತ್ರಿ ಕಳೆದು ಬಿಸಿಲೇರಿದಾಗ ಎಲೆಗಳು ಬೀಡಿಯ ಹಾಗೆ ಉದ್ದಕ್ಕೆ ಸುರುಳಿ ಸುತ್ತಿದವು. ಅಂಚು ಕಂದಿ, ಮುಟ್ಟಿದರೆ ಹಪ್ಪಳದಂತೆ ಮುರಿಯತೊಡಗಿತು. ಸಂಜೆಗೆ ಮೇಲೇಳುವುದೂ ನಿಂತಿತು. ಅನ್ನಪೂರ್ಣೇಶ್ವರಿಯ ಬಾಯಿ ಮತ್ತೆ ಮುಚ್ಚಿತು.

ಇನಾಯತನಿಗೆ ಫೋನು ಹೋಯಿತು. ಬಂದವನು ಸುತ್ತ ನೋಡಿದ.

"ಪಡುವಣ ಕಿಟಕಿ ಬಿಸಲು ನೆಟ್ಟಗ ಎಲಿಮ್ಯಾಲ ಬೀಳಾಕತ್ತೈತಿ. ತಲಿಮ್ಯಾಲ ಫ್ಯಾನ್ ಬ್ಯಾರೆ. ಹಸಿಯೆಲ್ಲಾ ಹೀರತೈತ್ರಿ. ಸರಿಸಿ ಇಡ್ರಿ, ನೀರು ಒಂಚೂರು ಹೆಚ್ಗಿ ಹಾಕ್ರಿ."

ಗುರುಸಂಗಪ್ಪ ಯಾವುದನ್ನೂ ಒಂಚೂರು ಮಾಡಿದವನಲ್ಲ. ಗಿಡವನ್ನು ಮಂಚದ ಆಚೆಯ ಕತ್ತಲ ಮೂಲೆಗೆ ತಳ್ಳಿದ. ಹೊನ್ನವ್ವ ಬಚ್ಚಲ ಹಂಡೆಯಿಂದ ದಿನಾ ತಂಬಿಗೆ ತುಂಬ ಸುರಿದಳು. ಎಲೆಯ ಅಂಚು ಇನ್ನಷ್ಟು ಸುಟ್ಟಿತು. ಅನ್ನಪೂರ್ಣೇಶ್ವರಿಯ ಕೆನ್ನೆ ಒಳಸರಿಯಿತು.

ಎರಡನೆಯ ಸಲ ಬಂದ ಇನಾಯತ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಕುಂಡದ ಮಣ್ಣಿನ ಮೇಲೆ ಕಟ್ಟಿದ್ದ ಬಿಳಿ ಪೊರೆಯನ್ನು ಉಗುರಲ್ಲಿ ಕೆರೆದು ನಾಲಗೆಗೆ ಹಚ್ಚಿಕೊಂಡ.

"ಅವ್ವಾರ, ಇದು ಎಲ್ಲೀ ನೀರ್ರಿ?"

"ಬೋರಿನ ನೀರಪ್ಪ. ಮತ್ತೇನು ಕುಡಿಯೂ ನೀರು ಹಾಕಬೇಕಿತ್ತೇನು?"

ಹೊನ್ನವ್ವನ ತಪ್ಪಿಲ್ಲ. ಸಿಹಿನೀರು ಕುಡಿಯಲಿಕ್ಕೆ, ಬೇಳೆ ಬೇಯಿಸಲಿಕ್ಕೆ. ಉಳಿದದ್ದಕ್ಕೆಲ್ಲ ಬೋರಿನ ಸವುಳು, ಉಪ್ಪುಪ್ಪು ನೀರು. ಸಿಹಿನೀರು ಚೆಲ್ಲಿದರೆ ಪಾಪ ಎಂದು ಬೆಳೆದ ಕೈ ಅದು. ಕೆರೆಗೆ ಹೋಗಿ ಕೊಡ ಹೊತ್ತ ಹೆಗಲು.

"ತಪ್ಪು ನಂದ್ರಿ," ಎಂದ ಇನಾಯತ. "ನಂದು ಕಾಲುವಿ ನೀರು. ಸವುಳಿನ ಧ್ಯಾಸನ ಬರಲಿಲ್ಲ. ನೀರು ಹೆಚ್ಗಿ ಹಾಕ್ರಿ ಅಂದ್ನಿ, ನೀವು ಉಪ್ಪು ಹೆಚ್ಗಿ ಹಾಕಿದ್ರಿ."

ಕುಂಡವನ್ನು ಬಚ್ಚಲಿಗೆ ಒಯ್ದು ಬಿಳಿ ಪೊರೆಯನ್ನು ಕೆರೆದು ತೆಗೆದ. ಸಿಹಿನೀರು ಕೇಳಿದ. ಹೊನ್ನವ್ವ ಕೊಡದ ಮೇಲೆ ಅಂಗೈ ಇಟ್ಟು ನಿಂತಳು.

"ಮನಷ್ಯಾರಿಗೆ ಸಾಲದ ನೀರು ಬಚ್ಚಲಿಗೆ ಹರಸ್ತೀಯೇನೋ?"

"ಅಕ್ಕಾ, ಕೊಡು. ಆಕೀ ಗಂಜಿ ಅದರಾಗ ಐತಿ," ಎಂದ ಗುರುಸಂಗಪ್ಪ.

ಇನಾಯತ ತಳದ ತೂತಿನಿಂದ ನೀರು ಧಾರಾಳ ಇಳಿಯುವ ತನಕ ಮೆಲ್ಲಗೆ ಹೊಯ್ದು, ಪೂರ್ತಿ ಸೋರಲು ಬಿಟ್ಟ. ಗರಿಗರಿಯಾದ ಅಂಚುಗಳನ್ನು ಕತ್ತರಿಸಿದ. ಮೂಡಣ ಕಿಟಕಿಯ ಬದಿಗೆ, ಬಿಸಿಲು ನೇರ ತಾಗದಂತೆ ತೆಳು ಪಂಚೆ ಕಟ್ಟಿ ಇಟ್ಟ. ಬೆಳಕಿರಲಿ, ಬಿಸಿಲು ಬೇಡ ಎಂದ. ಅಗಲ ಪರಾತದಲ್ಲಿ ಹರಳುಕಲ್ಲು ಹರವಿ, ಕುಂಡದ ತಳಕ್ಕೆ ತಾಗದಷ್ಟು ನೀರು ನಿಲ್ಲಿಸಿ, ಅದರ ಮೇಲೆ ಕುಂಡ ಕೂರಿಸಿದ. ತುಳಸಿ ಬಿಟ್ಟು ಮನೆಯ ಉಳಿದ ಕುಂಡಗಳನ್ನೆಲ್ಲ ಅದರ ಸುತ್ತ ಜೋಡಿಸಿದ. ಮೇಲಿನ ಫ್ಯಾನ್ ನಿಂತು, ಮಂಚದ ಕಾಲ್ದೆಸೆಯಿಂದ ಅನ್ನಪೂರ್ಣೇಶ್ವರಿಗಷ್ಟೇ ಗಾಳಿ ತಾಗುವ ಹಾಗೆ ಟೇಬಲ್ ಫ್ಯಾನ್ ಬಂತು.

"ಬೆರಳು ಇಟ್ಟು ನೋಡ್ರಿ. ಮ್ಯಾಲಿನ ಮಣ್ಣು ಒಣಗಾಕ ಹತ್ತಿದ್ರಷ್ಟ ನೀರು. ಕೆಸರು ಮಾಡಿದ್ರ ಬೇರು ಕೊಳಿತಾವು."

"ಈ ಎಲಿ ಮತ್ತ ಹಸರ ಅಕ್ಕಾವಲ್ಲ?" ಎಂದು ಕೇಳಿದ ಗುರುಸಂಗಪ್ಪ.

"ಇಲ್ರಿ. ಸುಟ್ಟದ್ದು ಸುಟ್ಟಂಗರಿ. ಬಂದ್ರ ಹೊಸಾ ಎಲಿ ಚಲೋ ಬರತೈತಿ."

"ಬರತೈತಿ ಅಂತ ಬಾಯಿಬಿಟ್ಟು ಹೇಳಲೇ. ನಿನ್ನ ಗಂಟೇನು ಹೋಗತೈತಿ?"

"ಗೊತ್ತಿಲ್ಲದ್ದು ಹ್ಯಾಂಗ ಹೇಳ್ಲಿರಿ, ಸಾವಕಾರ್ರ?"

ಗುರುಸಂಗಪ್ಪನಿಗೆ ಸಿಟ್ಟು ಬಂತು. ಗದಗ, ಹುಬ್ಬಳ್ಳಿ ಸುತ್ತಿ ಕಂಡ ದವಾಖಾನೆಗಳಲ್ಲೆಲ್ಲ 'ಸುಧಾರಸ್ತಾರ' ಎಂಬ ಮಾತು ಕೊಂಡು ತಂದವನು ಅವನು. ಆ ಮಾತಿನ ಸರಕು ಎಂಥದೆಂದು ಗೊತ್ತಿದ್ದೂ ಕೊಂಡಿದ್ದ. ಅಂಗಡಿಯಲ್ಲಿ ಅವನೂ ಅಂಥ ಮಾತನ್ನೇ ಗಿರಾಕಿಗಳಿಗೆ ಮಾರಿದವನಲ್ಲವೇ. ಅಂದು ಮಂಚದ ಕಡೆ ತಿರುಗಿ ನೋಡಿದ. ಬಿದ್ದ ಬಲಗೈ ಹಾಸಿಗೆಯ ಅಂಚಿನಲ್ಲಿ ಇಟ್ಟಲ್ಲೇ ಇತ್ತು. ಮರುವಾರ ಮತ್ತೊಬ್ಬ ಡಾಕ್ಟರರಿಗೆ ತೋರಿಸಲು ಗೊತ್ತುಮಾಡಿದ್ದ ಗಾಡಿಯನ್ನು ಬೇಡವೆಂದ.

ಆ ವಾರಗಳು ಕೆಟ್ಟವು. ಆಕೆಗೆ ಸಕ್ಕರೆ ನೀರಷ್ಟೇ ಇಳಿಯುತ್ತಿತ್ತು. ಹೊನ್ನವ್ವ ದಿನಾ ಮಣ್ಣಿಗೆ ಬೆರಳಿಟ್ಟು, ಗೊಣಗುತ್ತ, ತಾನು ಕುಡಿಯುವ ಚೆರಿಗೆಯಿಂದಲೇ ಗಿಡಕ್ಕೆ ಹಾಕುತ್ತಿದ್ದಳು.

ಯುಗಾದಿ ಕಳೆದ ಮೇಲೆ ನಡುವಿನಿಂದ ಒಂದು ಎಲೆ ಕೊಳವೆಯಂತೆ ಸುತ್ತಿಕೊಂಡು ಮೇಲೆ ಬಂತು. ಬಿಚ್ಚಿದಾಗ ಅಂಚಿನಲ್ಲಿ ಕಂದು ಇರಲಿಲ್ಲ. ಹಳೆಯವು ಕತ್ತರಿಸಿದ ಅಂಚಿನೊಡನೆ ಕುರೂಪವಾಗಿಯೇ ಉಳಿದವು. ಸಂಜೆ ಅದೊಂದೇ ಎಲೆ ಎದ್ದು ನಿಂತಿತು. ಅನ್ನಪೂರ್ಣೇಶ್ವರಿ ಬಹಳ ಹೊತ್ತು ನೋಡಿದಳು. ಎಡಗೈ ಎದೆಯವರೆಗೆ ಏರಲಿಲ್ಲ, ಹೊಟ್ಟೆಯ ಮೇಲೇ ನಿಂತಿತು. ಆದರೆ ಬಾಯಿ ತೆರೆದಳು. ಹೊನ್ನವ್ವ ಅವಸರದಲ್ಲಿ ಮೊದಲ ಚಮಚವನ್ನು ದಿಂಬಿನ ಮೇಲೆ ಚೆಲ್ಲಿದಳು.

ಬೇಸಿಗೆಯುದ್ದಕ್ಕೂ ಆಕೆ ಸಂಜೆಗೆ ಅಷ್ಟಿಷ್ಟು ಉಂಡಳು. ಗುರುಸಂಗಪ್ಪ ಅಂಗಡಿ ಬೇಗ ಮುಚ್ಚಿ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಹುಷಾರಾಗುತ್ತೀ ಎಂಬ ಮಾತನ್ನು ಆಮೇಲೆ ಆಕೆಗೆ ಹೇಳಲಿಲ್ಲ. ಅಂಗಡಿಯ ಸುದ್ದಿ ಹೇಳಿದ, ಸುಮ್ಮನೆ ಎಡಗೈ ಹಿಡಿದುಕೊಂಡ. ಕಾರಹುಣ್ಣಿಮೆಯ ಆಚೆಗೆ ಒಂದು ಮಧ್ಯಾಹ್ನ, ಎಲೆಗಳೆಲ್ಲ ಹರಡಿಕೊಂಡಿದ್ದಾಗ, ಆಕೆಯ ಉಸಿರು ನಿಂತಿತು.

ಮಣ್ಣು ಕೊಟ್ಟ ಮರುದಿನ ಇನಾಯತ ಬಂದು ಕಟ್ಟೆಯ ಮೇಲೆ ಕೂತ.

"ಗಿಡ ಒಯ್ತೀಯೇನು?" ಎಂದು ಕೇಳಿದ ಗುರುಸಂಗಪ್ಪ.

"ಇಲ್ಲೇ ಇರ್ಲಿರಿ. ಮಳಿ ನೀರು ಹಿಡದು ಹಾಕ್ರಿ. ಎಷ್ಟು ದಿನಾ ಬಾಳತೈತೋ ಗೊತ್ತಿಲ್ಲ."

ಗಿಡದ ಬೆಲೆ ಗುರುಸಂಗಪ್ಪ ಸಂತೆಯಲ್ಲೇ ಕೊಟ್ಟಿದ್ದ. ಸುಟ್ಟದ್ದು ಸುಟ್ಟಂಗೆ ಎಂದು ಅವನ ಮುಖಕ್ಕೆ ಹೇಳಿದವನು ಇನಾಯತ ಒಬ್ಬನೇ. ಅದರಿಂದಾಗಿ ಹೆಂಡತಿ ಕೊನೆಯ ಬೇಸಿಗೆಯನ್ನು ದವಾಖಾನೆಗೆ ಓಡುವ ಗಾಡಿಗಳಲ್ಲಿ ಕಳೆಯದೆ ತನ್ನ ಮನೆಯಲ್ಲಿ, ಅವನ ಪಕ್ಕದಲ್ಲಿ ಕಳೆದಳು. ಆ ಬೇಸಿಗೆಗೆ ಗುರುಸಂಗಪ್ಪ ಇನಾಯತನ ಋಣದಲ್ಲಿದ್ದಾನೆ.