ಟಿಪ್ಪಣಿ ಅಕ್ಕ ಬಿಟ್ಟ ಮಾತು

ಕಾಲೇಜಿನ ಸಲಹಾ ಕೊಠಡಿಯ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವ ಹೆಂಗಸನ್ನು ಎಲ್ಲರೂ ಟಿಪ್ಪಣಿ ಅಕ್ಕ ಎನ್ನುತ್ತಿದ್ದರು. ಸಲಹೆಗಾರ ಮೇಷ್ಟ್ರು ವಿದ್ಯಾರ್ಥಿಗಳ ಜೊತೆ ಆಡಿದ ಮಾತು ರೆಕಾರ್ಡ್ ಆಗುತ್ತಿತ್ತು. ಅದನ್ನು ಕೇಳಿ, ಯಾವ ವಿಷಯವನ್ನು ಯಾವ ಹೊತ್ತಿನಲ್ಲಿ ಓದಬೇಕು, ಯಾರಿಗೆ ತೋರಿಸಬೇಕು ಎಂದು ಒಂದೇ ಪುಟದ ಓದಿನ ಯೋಜನೆ ಮಾಡಿಕೊಡುವುದು ಅಕ್ಕನ ಕೆಲಸ. ಪುಟ ಒಂದೇ ಆದ್ದರಿಂದ ಕೆಮ್ಮು, ಹರಟೆ, ಗೋಳು ಎಲ್ಲಕ್ಕೂ ಕತ್ತರಿ. ತೀರ್ಮಾನವಾದದ್ದನ್ನು ಮಾತ್ರ ಬರೆಯುತ್ತೇನೆ ಎಂಬ ಜಂಬ ಅವಳಿಗಿತ್ತು, ಸುಳ್ಳೇಕೆ ಹೇಳಬೇಕು.

ಹೀಗಿರುವಾಗ ಒಬ್ಬ ಹುಡುಗಿಯ ರೆಕಾರ್ಡಿಂಗ್ ಬಂತು. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಫೇಲಾದವಳು, ಇನ್ನೊಮ್ಮೆ ಹೋದರೆ ಸೀಟೇ ಹೋಗುತ್ತಿತ್ತು. ದಿನಾ ಬೆಳಿಗ್ಗೆ ಎರಡು ಗಂಟೆ ಲೆಕ್ಕ ಬಿಡಿಸು, ವಾರಕ್ಕೊಮ್ಮೆ ತಂದು ತೋರಿಸು ಎಂದರು ಮೇಷ್ಟ್ರು. ಹುಡುಗಿ ಹೂಂಗುಟ್ಟುತ್ತಾ ಹೋದಳು. ಕೊನೆಗೆ ತಗ್ಗಿದ ದನಿಯಲ್ಲಿ, "ಬೆಳಿಗ್ಗೆ ಅಪ್ಪನ್ನ ಎಬ್ಬಿಸಿ ಸ್ನಾನ ಮಾಡಿಸೋಳು ನಾನೇ ಸರ್. ಅವರಿಗೆ ಒಂದು ಕಡೆ ಕೈಕಾಲು ಬರಲ್ಲ. ನೋಡ್ತೀನಿ" ಎಂದಳು. ಅಷ್ಟರಲ್ಲಿ ಮೇಷ್ಟ್ರ ಫೋನ್ ಬಡಿದುಕೊಂಡಿತು. ಅದನ್ನು ಮುಗಿಸಿ ಅವರು ಪರೀಕ್ಷೆಯ ಅರ್ಜಿಯ ಮಾತಿಗೆ ಹೊರಳಿದರು.

ಅಕ್ಕ ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಇದೇನಿದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ! ಒಪ್ಪಿದ್ದೂ ಅಲ್ಲ, ಒಲ್ಲೆ ಎಂದದ್ದೂ ಅಲ್ಲ. ಎದ್ದು ಪಕ್ಕದ ಕೋಣೆಗೆ ಹೋಗಿ ಮೇಷ್ಟ್ರನ್ನು ಕೇಳಬಹುದಿತ್ತು. ಕೇಳಲಿಲ್ಲ. 'ಪ್ರತಿದಿನ ಬೆಳಿಗ್ಗೆ ಸಂಖ್ಯಾಶಾಸ್ತ್ರ, ವಿದ್ಯಾರ್ಥಿನಿ ಒಪ್ಪಿದ್ದಾಳೆ' ಎಂದು ಬರೆದು ಮುಂದಿನ ರೆಕಾರ್ಡಿಂಗ್ ತೆರೆದಳು. ಮೇಷ್ಟ್ರು ಕಣ್ಣಾಡಿಸಿ ಸಹಿ ಹಾಕಿದರು. ಹುಡುಗಿಯೂ ಹಾಕಿದಳು, ದೊಡ್ಡವರು ಯೋಚನೆ ಮಾಡಿಯೇ ಬರೆದಿರುತ್ತಾರೆ ಎಂದುಕೊಂಡಳಂತೆ.

ಹುಡುಗಿ ಮತ್ತೆ ಫೇಲಾದಳು. ಇನ್ನೊಂದು ಅವಕಾಶ ಕೊಡಿ, ಮನೆಯಲ್ಲಿ ಅಪ್ಪನ ಸ್ಥಿತಿ ಹೀಗಿದೆ ಎಂದು ಕಾಲೇಜಿನ ಪರೀಕ್ಷಾ ಸಮಿತಿಯ ಮುಂದೆ ಬೇಡಿಕೊಂಡಳು. ಸಮಿತಿಯವರು ಯೋಜನೆಯ ಪುಟ ತೆಗೆದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ, ಇಲ್ಲಿ ಒಪ್ಪಿ ಸಹಿ ಹಾಕಿದ್ದೀಯಲ್ಲ ಎಂದರು. ಅವಧಿ ಮುಗಿದ ಮೇಲೆ ರೆಕಾರ್ಡಿಂಗ್ ಅಳಿಸುವುದು ಅಲ್ಲಿಯ ನಿಯಮ, ಅದೂ ಅಳಿಸಿಹೋಗಿತ್ತು. ಸುದ್ದಿ ಅಕ್ಕನ ಕಿವಿಗೂ ಬಿತ್ತು. ಮೇಷ್ಟ್ರ ಬಳಿಗೆ ಓಡಿಹೋಗಿ, ಹುಡುಗಿ ಹೇಳಿದ್ದು ನಿಜ, ಬರೆಯದೆ ಬಿಟ್ಟವಳು ನಾನು ಎಂದಳು. ಮೇಷ್ಟ್ರಿಗೆ ಆ ಮಾತು ನೆನಪೇ ಇರಲಿಲ್ಲ. ಅಕ್ಕ ಸಮಿತಿಗೂ ಬರೆದುಕೊಟ್ಟಳು. ಸಹಿ ಇರುವ ಪುಟದ ಎದುರು ನಿಮ್ಮ ನೆನಪನ್ನು ಹೇಗೆ ನಂಬೋಣ ಎಂದು ಅವರು ಕೈತೊಳೆದುಕೊಂಡರು.

ಸೀಟು ಹೋದ ಮೇಲೆ ಗ್ರಂಥಾಲಯದ ಪುಸ್ತಕ ಹಿಂದಿರುಗಿಸಲು ಬಂದ ಹುಡುಗಿ ಸಲಹಾ ಕೊಠಡಿಯ ಬಾಗಿಲಲ್ಲಿ ನಿಂತಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡ ಅಕ್ಕ ಬೈಸಿಕೊಳ್ಳಲು ತಯಾರಾಗಿ ಎದ್ದಳು.

"ಅಕ್ಕಾ, ನಾನು ಅವತ್ತು ಅಪ್ಪನ ವಿಷಯ ಹೇಳಿದ್ನಾ? ಎಲ್ಲರೂ ಇಲ್ಲ ಅಂತಾರೆ. ನಂಗೂ ಈಗ ಹೇಳೇ ಇಲ್ವೇನೋ ಅನ್ಸುತ್ತೆ."

"ಹೇಳಿದ್ದೆ ಕಣಮ್ಮಾ" ಎಂದಳು ಅಕ್ಕ. "ನಾನು ಎರಡು ಸಲ ಕೇಳಿಸ್ಕೊಂಡಿದ್ದೆ."